ಎಂಬತ್ತೆಂಟನೆಯ ಪುಟದ ಐಬಿಡ್

ರೋಣದಲ್ಲಿ ನನ್ನನ್ನು ಕಂಡರೆ ಕೆಲವರು ರಸ್ತೆಯ ಆ ಬದಿಗೆ ಸರಿಯುತ್ತಾರೆ. ನಾನೇನು ಹೊಡೆಯುವವನಲ್ಲ, ಬೈಯುವವನೂ ಅಲ್ಲ, ತಪ್ಪು ಹಿಡಿಯುವವನು. ಲಗ್ನಪತ್ರಿಕೆ ಕೊಡಲು ಬಂದವರ ಎದುರಿಗೇ ಪೆನ್ಸಿಲ್ ತೆಗೆದು ತಿದ್ದಿ ವಾಪಸು ಕೊಟ್ಟಿದ್ದೇನೆ. ಪುಣೆಯ ಒಂದು ಅಚ್ಚುಕೂಟದಲ್ಲಿ ಹನ್ನೊಂದು ವರ್ಷ ಪ್ರೂಫ್ ನೋಡಿದ ಕಣ್ಣು ಇದು. ಆಮೇಲೆ ಊರಿಗೆ ಬಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದೆ. ಅಂದಾನಪ್ಪ ಮಾಸ್ತರರ ಕೈಯಿಂದ ದಾಟಿದ ಕಾಗದದಲ್ಲಿ ತಪ್ಪು ಉಳಿಯುವುದಿಲ್ಲ ಎಂದು ನಾಲ್ಕು ಜನ ಹೇಳುತ್ತಿದ್ದರು. ನಾಲ್ಕು ಜನ ಹೇಳಿದ್ದನ್ನು ನಾನೂ ನಂಬಿದ್ದೆ, ಸುಳ್ಳು ಯಾಕೆ ಹೇಳಲಿ.

ಪ್ರಭುಲಿಂಗಪ್ಪ ನನ್ನ ಹತ್ತಿರ ಬಂದದ್ದು ೧೯೫೩ರ ಶ್ರಾವಣದಲ್ಲಿ. ನನ್ನ ಹಳೆಯ ವಿದ್ಯಾರ್ಥಿ, ಗಜೇಂದ್ರಗಡದ ನೇಕಾರರ ಮನೆಯವನು. ಆಗ ರಾಜೂರಿನ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತ ವಿಶ್ವವಿದ್ಯಾಲಯಕ್ಕೆ ಒಂದು ಪ್ರಬಂಧ ಬರೆಯುತ್ತಿದ್ದ. ವಿಷಯ, ೧೮೭೬ರ ದೊಡ್ಡ ಬರದ ಮೊದಲು ಮತ್ತು ನಂತರ ನಮ್ಮ ಕಡೆಯ ಮಗ್ಗಗಳು. ಮೂರು ವರ್ಷ ಶಾಲೆಗೆ ರಜೆ ಇದ್ದಾಗೆಲ್ಲ ನರಗುಂದ, ರೋಣ, ಗಜೇಂದ್ರಗಡ ತಿರುಗಿ ಹಳೆಯ ಕಾಗದ ಹುಡುಕಿದ್ದ. ಅದನ್ನು ಯಾಕೆ ಹಿಡಿದೆ ಎಂದು ಕೇಳಿದೆ.

"ನಮ್ಮ ಮುತ್ತಜ್ಜ ಮಗ್ಗ ಬಿಟ್ಟು ಊರು ಬಿಟ್ಟಾವ್ರಿ ಸರ್. ಪುಸ್ತಕದಾಗ ಏನ ಬರದಾರ ಅಂದ್ರ, ಬರದ ಮೊದಲ ಮಗ್ಗ ನಿಂತಿದ್ದೂವಂತ, ನಮ್ಮ ಮಂದಿ ಆಲಸಿಗಳಂತ. ನಮ್ಮ ಮನ್ಯಾಗ ಹಂಗ ಹೇಳೂದಿಲ್ರಿ. ಮಗ್ಗ ತುಂಬಿದ್ದೂವು, ಹೊಟ್ಟಿ ಖಾಲಿ ಆತು ಅಂತಾರ. ಯಾವದು ಖರೇ ಅಂತ ನೋಡೂದೈತಿ."

ಆ ಪುಸ್ತಕ ಬರೆದವರು ಪುಣೆಯ ಒಬ್ಬ ಪ್ರೊಫೆಸರರು. ದೊಡ್ಡ ಹೆಸರು. ಅವರ ಮಾತಿಗೆ ಎದುರಾಗಿ ನಿಲ್ಲಬಲ್ಲ ಒಂದು ದಾಖಲೆ ಪ್ರಭುಲಿಂಗಪ್ಪನಿಗೆ ಸಿಕ್ಕಿತ್ತು. ಬರ ಮುಗಿದ ಮೇಲೆ ನಾಲ್ವರು ಇಂಗ್ಲಿಷ್ ಅಧಿಕಾರಿಗಳ ಸಮಿತಿ ಊರೂರು ತಿರುಗಿ ಮಗ್ಗ ಎಣಿಸಿ ಬರೆದ ವರದಿ. ಗಜೇಂದ್ರಗಡದಲ್ಲಿ ಬರದ ಹಿಂದಿನ ವರ್ಷ ನಡೆಯುತ್ತಿದ್ದ ಮಗ್ಗ ಆರುನೂರ ಹನ್ನೆರಡು. ಬರದ ನಂತರ ನೂರ ನಾಲ್ಕು. ಈ ಎರಡು ಅಂಕಿಗಳನ್ನು ಹೇಳುವಾಗ ಅವನ ದನಿ ತಗ್ಗುತ್ತಿತ್ತು, ಮನೆಯಲ್ಲಿ ಸತ್ತವರ ಹೆಸರು ಹೇಳಿದ ಹಾಗೆ.

ಪ್ರಬಂಧ ಒಪ್ಪಿಗೆಯಾದರೆ ಆ ಅಂಕಿಗಳು ಲೋಕಕ್ಕೆ ತಿಳಿಯುತ್ತಿದ್ದವು. ಅವನಿಗೆ ಪದವಿ ಬರುತ್ತಿತ್ತು, ಹೊಸ ಕಾಲೇಜೊಂದರಲ್ಲಿ ಕೆಲಸವೂ. ಒಪ್ಪಿಗೆಯಾಗದಿದ್ದರೆ ರಾಜೂರಿನ ಮೂರನೆಯ ಇಯತ್ತೆಯ ಹುಡುಗರಿಗೆ ಪಾಠವೇ ಗತಿ. ಅವನ ಮಾರ್ಗದರ್ಶಕರು ಒಳ್ಳೆಯವರು, ವಿಷಯ ನೋಡುತ್ತಿದ್ದರು, ಅಡಿಟಿಪ್ಪಣಿ ನೋಡುತ್ತಿರಲಿಲ್ಲ. "ಅದನ್ನ ಯಾರರೆ ತಿಳದವ್ರಿಗೆ ತೋರಸು" ಎಂದಿದ್ದರಂತೆ. ತಿಳಿದವನು ಎಂದರೆ ಈ ಮಹಾನುಭಾವ.

ಮೊದಲ ಅಧ್ಯಾಯ ಓದಿ ನನಗೆ ಪಿತ್ತ ನೆತ್ತಿಗೇರಿತು. ಇಬ್ಬರು ಸೇರಿ ಬರೆದ ಪುಸ್ತಕಕ್ಕೆ ಒಬ್ಬನ ಹೆಸರು ಬರೆದು ಮುಂದೆ 'ಎಟ್ ಆಲ್' ಎಂದು ಹಾಕಿದ್ದ. ಎಲ್ಲೆಂದರಲ್ಲಿ 'ಸಿ ಎಫ್', ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. 'ಐಬಿಡ್' ಅಂತೂ ಕೇಳಬೇಡಿ.

"ಬಾ ಇಲ್ಲೆ, ಕುಂಡ್ರು," ಎಂದೆ. "ಎಟ್ ಆಲ್ ಅಂದ್ರ ಲ್ಯಾಟಿನ್‌ದಾಗ 'ಮತ್ತ ಉಳಿದವ್ರು' ಅಂತ. ಇಬ್ಬರು ಬರದ್ರ ಇಬ್ಬರ ಹೆಸರೂ ಬರಿ. ಮೂವರಿದ್ರ ಮೂವರದೂ ಬರಿ. ಅದಕ್ಕ ಮಿಕ್ಕಿ ಮಂದಿ ಇದ್ರ ಮಾತ್ರ ಮೊದಲನೇ ಹೆಸರು ಬರದು ಮುಂದ ಎಟ್ ಆಲ್. 'ಆಲ್' ಆದ ಮ್ಯಾಲೆ ಚುಕ್ಕಿ, ಯಾಕಂದ್ರ ಅದು ಕತ್ತರಿಸಿದ ಶಬ್ದ. 'ಎಟ್' ಪೂರಾ ಶಬ್ದ, ಅದಕ್ಕ ಚುಕ್ಕಿ ಇಲ್ಲ."

"ಹಂಗಾದ್ರ ನನ್ನ ವರದಿ ನಾಲ್ವರದು. ಪೆಂಬರ್ಟನ್ ಎಟ್ ಆಲ್ ಅಂದ್ರ ನಡೀತೈತ್ರಿ?"

"ನಡೀತೈತಿ."

"ಉಳದ ಮೂವರು ಎಲ್ಲಿ ಹೋಗಬೇಕ್ರಿ ಸರ್?"

"ಕಡೀಕ ಗ್ರಂಥಪಟ್ಟಿ ಇರತೈತಲ್ಲ, ಅಲ್ಲೆ ನಾಲ್ಕೂ ಹೆಸರು ಬರಿ. ಯಾರನ್ನೂ ಮುಳಗಸಬ್ಯಾಡ. ಈಗ ಸಿ ಎಫ್. ಅದು 'ಹೋಲಿಸಿ ನೋಡ್ರಿ' ಅನ್ನೂದು. ನಿನ್ನ ಮಾತಿಗೆ ಹೌದು ಹೌದು ಅನ್ನೋ ಪುಸ್ತಕಕ್ಕ ಹಚ್ಚಬ್ಯಾಡ, ಅದಕ್ಕ ಬರೇ 'ನೋಡಿ' ಅಂದ್ರ ಸಾಕು. ಇನ್ನೊಬ್ಬಾತ ಬ್ಯಾರೆ ಹೇಳ್ಯಾನ, ಎರಡನ್ನೂ ಎದರಾಬದರಾ ಇಟ್ಟ ನೋಡ್ರಿ ಅನ್ನೂದಿದ್ರ ಆಗ ಸಿ ಎಫ್."

"ಐಬಿಡ್ರಿ?"

"ಐಬಿಡ್ ಅಂದ್ರ 'ಅಲ್ಲೇ'. ಈಗಷ್ಟ ಮ್ಯಾಲಿನ ಟಿಪ್ಪಣಿಯೊಳಗ ಹೇಳಿದೆನಲ್ಲ, ಅದ ಪುಸ್ತಕ. ಪುಟ ಬ್ಯಾರೆ ಇದ್ರ ಮುಂದ ಪುಟ ಬರಿ. ಆದ್ರ ನಡುವ ಇನ್ನೊಂದು ಪುಸ್ತಕ ಬಂದು ನಿಂತ್ರ ಐಬಿಡ್ ಸತ್ತಂಗ. ಮತ್ತ ಲೇಖಕನ ಹೆಸರು ತಗೊಂಡ ಶುರು ಮಾಡಬೇಕು. ತಿಳೀತೇನು?"

"ತಿಳೀತ್ರಿ."

ಅವನಿಗೆ ಖರೇನೇ ತಿಳಿದಿತ್ತು. ಮುಂದೆ ಒಂದೂವರೆ ವರ್ಷ ಒಂದೊಂದೇ ಅಧ್ಯಾಯ ಬರೆದು ತಂದ, ಟಿಪ್ಪಣಿಯಲ್ಲಿ ಒಂದು ಚುಕ್ಕಿ ಆಚೀಚೆ ಆಗಿರಲಿಲ್ಲ. ತಪ್ಪು ಸಿಗದೆ ನನಗೇ ಬೇಜಾರಾಗುತ್ತಿತ್ತು. ಕೈ ಸುಮ್ಮನಿರದೆ ವಾಕ್ಯಗಳಿಗೆ ಕತ್ತರಿ ಹಾಕತೊಡಗಿದೆ. ನಾಲ್ಕನೆಯ ಅಧ್ಯಾಯದಲ್ಲಿ, ಮಗ್ಗದ ಅಂಕಿ ಬರುವ ಕಡೆಯಲ್ಲೆಲ್ಲ, "ಸಮಿತಿಯ ವರದಿಯಂತೆ" ಎಂದು ಮತ್ತೆ ಮತ್ತೆ ಬರೆದಿದ್ದ. ಅದನ್ನು ಹನ್ನೊಂದು ಕಡೆ ಹೊಡೆದು ಹಾಕಿದೆ. ಕೆಳಗೆ ಟಿಪ್ಪಣಿಯಲ್ಲಿ ಐಬಿಡ್ ಇರುವಾಗ ಮೇಲೆ ಅದೇ ಮಾತು ಎಷ್ಟು ಸಲ ಎಂದೆ. ಅವನು ಒಪ್ಪಿದ. ನಾನು ಹೇಳಿದ್ದಕ್ಕೆಲ್ಲ ಅವನು ಒಪ್ಪುತ್ತಿದ್ದ, ಅದೇ ಅವನ ದೊಡ್ಡ ದೋಷ.

ಟೈಪು ಮಾಡಿದವನು ಕಾಶೀಂಸಾಬ. ರೋಣದ ಕಚೇರಿಯ ಎದುರು ಅವನ ಟೈಪಿಂಗ್ ಯಂತ್ರ. ದಿನವಿಡೀ ಅರ್ಜಿ, ಕರಾರುಪತ್ರ ಬಡಿಯುವವನು, ಇಂಗ್ಲಿಷ್ ಅರ್ಥವಾಗದಿದ್ದರೂ ಅಕ್ಷರ ತಪ್ಪುತ್ತಿರಲಿಲ್ಲ. ನಡುವೆ ಕಾರ್ಬನ್ ಇಟ್ಟು ನಾಲ್ಕು ಪ್ರತಿ. ಪುಟದ ಕೆಳಗೆ ಟಿಪ್ಪಣಿಗೆ ಎಷ್ಟು ಸಾಲು ಬೇಕೆಂದು ಮೊದಲೇ ಎಣಿಸಿ ಅಷ್ಟು ಜಾಗ ಬಿಡುತ್ತಿದ್ದ. ಟಿಪ್ಪಣಿಯ ಸಂಖ್ಯೆ ಪ್ರತಿ ಪುಟದಲ್ಲೂ ಒಂದರಿಂದ ಶುರು. ಒಂದು ಟಿಪ್ಪಣಿ ಹೆಚ್ಚುಕಡಿಮೆಯಾದರೆ ಇಡೀ ಅಧ್ಯಾಯ ಮತ್ತೆ ಬಡಿಯುವ ತಾಪತ್ರಯ ಬೇಡ ಎಂದು ಆ ಉಪಾಯ ಹೇಳಿಕೊಟ್ಟವನೂ ನಾನೇ.

೧೯೫೫ರ ಮಾರ್ಚಿನಲ್ಲಿ ಟೈಪು ಮುಗಿಯಿತು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಪ್ರಭುಲಿಂಗಪ್ಪ ಪ್ರತಿಗಳನ್ನು ಒಯ್ದು ಒಪ್ಪಿಸಬೇಕು. ಹಿಂದಿನ ದಿನ ಮಧ್ಯಾಹ್ನ ನಾವು ಮೂವರೂ ಕಾಶೀಂಸಾಬನ ಅಂಗಡಿಯಲ್ಲಿ ಕೂತು ಪುಟಗಳನ್ನು ಜೋಡಿಸುತ್ತಿದ್ದೆವು. ಆಗ ನನಗೆ ಒಂದು ಬುದ್ಧಿ ಹೊಳೆಯಿತು. ಹಾಳು ಬುದ್ಧಿ.

"ಪ್ರಭೂ, ಹೊರಗಿನ ಪರೀಕ್ಷಕರು ಪುಣೆ ಪ್ರೊಫೆಸರ್ರ ಅಂತ ಸುದ್ದಿ ಐತಲ್ಲ?"

"ಗಾಳಿಸುದ್ದಿರಿ. ಇರಬಹುದು, ಇಲ್ಲದಿರಬಹುದು."

"ಇದ್ರ? ಮೊದಲನೇ ಅಧ್ಯಾಯದಾಗ ಅವರ ಹೆಸರು ತಗೊಂಡಿ, ಈ ನಾಲ್ಕನೇದ್ರಾಗ ಎಲ್ಲೂ ಇಲ್ಲ. ಅವರ ಮಾತು ಮುರಿಯೋ ಅಂಕಿ ಇಡಾಕತ್ತಿ, ಅವರ ಹೆಸರೂ ತಗೊಳ್ಳೂದಿಲ್ಲ. ಲಗ್ನದ ಮನ್ಯಾಗ ಹಿರ್ಯಾರನ ಕುಂಡ್ರಿಸಿ ಅಕ್ಕಿಕಾಳು ಕೊಡದ ಬಿಟ್ಟಂಗಾತು."

ಪ್ರಭುಲಿಂಗಪ್ಪ ಹಣೆ ಒರೆಸಿಕೊಂಡ. "ಈಗ ಟೈಪ್ ಆಗೇತಲ್ರಿ ಸರ್?"

ನಾನು ಆಗಲೇ ಪುಟ ಎಂಬತ್ತೇಳನ್ನು ಹುಡುಕಿ ತೆಗೆದಿದ್ದೆ. ಅದರ ಕೆಳಗೆ ಮೂರು ಟಿಪ್ಪಣಿ. ಮೂರನೆಯದು ಪೆಂಬರ್ಟನ್ ಎಟ್ ಆಲ್, ವರದಿಯ ಹೆಸರು, ಪುಟ ನಲವತ್ತೊಂದು. ಅದರ ಕೆಳಗೆ ಎರಡು ಸಾಲಿನ ಜಾಗ ಖಾಲಿ ಉಳಿದಿತ್ತು. ಪುಟದ ಕೊನೆಯ ವಾಕ್ಯಕ್ಕೆ ನಾಲ್ಕು ಎಂಬ ಸಂಖ್ಯೆ ಕೊಟ್ಟು, ಆ ಜಾಗದಲ್ಲಿ ಒಂದು ಟಿಪ್ಪಣಿ ಬರೆದೆ. ಸಿ ಎಫ್, ಪ್ರೊಫೆಸರರ ಹೆಸರು, ಅವರ ಪುಸ್ತಕ, ಪುಟ ನಲವತ್ತು, ಅಲ್ಲಿ ಭಿನ್ನಾಭಿಪ್ರಾಯವಿದೆ. ಬರೆದು ಓದಿದೆ. ಎಂಥ ಸರಿಯಾದ ಸಿ ಎಫ್! ಎದುರು ಮಾತಾಡುವ ಪುಸ್ತಕ, ಎದುರಾಬದುರು ಇಡುವ ಉದ್ದೇಶ, ಮರ್ಯಾದೆಯೂ ಉಳಿಯಿತು. ನನ್ನ ಆಯುಷ್ಯದಲ್ಲಿ ಇದಕ್ಕಿಂತ ಒಪ್ಪವಾದ ಸಿ ಎಫ್ ಹಾಕಿಸಿರಲಿಲ್ಲ.

"ಕಾಶೀಂ, ಇಷ್ಟ ಕುಂಡರಸು."

"ಬಡದ ಹಾಳಿ ಮತ್ತ ಏರಸಬೇಕಂದ್ರ ಕಷ್ಟ ಐತ್ರಿ ಮಾಸ್ತರ್ರ," ಎಂದ ಕಾಶೀಂಸಾಬ. ಆದರೂ ನಾಲ್ಕು ಪ್ರತಿಯ ನಾಲ್ಕು ಹಾಳೆಗಳನ್ನು ಒಂದೊಂದಾಗಿ ಯಂತ್ರಕ್ಕೆ ಏರಿಸಿ, ಸಾಲಿಗೆ ಸಾಲು ಕೂಡಿಸಿ, ಉಸಿರು ಹಿಡಿದು ಬಡಿದ. ಹೊಸ ಸಾಲು ಯಾವುದು ಹಳೆಯದು ಯಾವುದು ಗೊತ್ತಾಗದ ಹಾಗೆ ಕುಳಿತಿತು. ನಾನು ಅವನ ಬೆನ್ನು ತಟ್ಟಿದೆ. ಪುಟ ಎಂಬತ್ತೇಳನ್ನು ಮೂವರೂ ಎರಡೆರಡು ಸಲ ನೋಡಿದೆವು. ಎಂಬತ್ತೆಂಟನ್ನು ಒಬ್ಬರೂ ನೋಡಲಿಲ್ಲ.

ನವೆಂಬರಿನಲ್ಲಿ ಉತ್ತರ ಬಂತು. ಪ್ರಭುಲಿಂಗಪ್ಪ ಲಕೋಟೆಯನ್ನು ಒಡೆದೇ ತಂದಿದ್ದ, ನನ್ನ ಕೈಗೆ ಕೊಟ್ಟು ಕಟ್ಟೆಯ ಮೇಲೆ ಕುಳಿತ. ಪ್ರಬಂಧ ತಿರಸ್ಕೃತ. ತಿದ್ದಿ ಮತ್ತೆ ಒಪ್ಪಿಸಲು ಅವಕಾಶವಿಲ್ಲ. ಪರೀಕ್ಷಕರು ಆ ಪುಣೆಯ ಪ್ರೊಫೆಸರರೇ, ಅವರ ಅಭಿಪ್ರಾಯದ ನಕಲನ್ನೂ ಜೊತೆಗೆ ಇಟ್ಟಿದ್ದರು, ಅವರ ಮಾತಿನಲ್ಲೇ: ನಾಲ್ಕನೆಯ ಅಧ್ಯಾಯದಲ್ಲಿ ಅಭ್ಯರ್ಥಿಯು ಹನ್ನೊಂದು ಅಂಕಿಗಳನ್ನು ನನ್ನ ಪುಸ್ತಕದಿಂದ ತೆಗೆದುಕೊಂಡಂತೆ ತೋರಿಸಿದ್ದಾನೆ. ಅವು ನನ್ನ ಪುಸ್ತಕದಲ್ಲಿ ಇಲ್ಲ. ಪುಟ ನಲವತ್ತೇಳರಲ್ಲಿ ಇರುವುದು ಮಳೆಯ ಪಟ್ಟಿ. ಪುಟ ಐವತ್ತೆರಡು ಖಾಲಿ ಪುಟ. ನಾನು ಹೇಳಿದ್ದಕ್ಕೆ ತದ್ವಿರುದ್ಧವಾದದ್ದನ್ನು ನನ್ನ ಹೆಸರಿನಲ್ಲೇ ಹೇಳಿಸಲಾಗಿದೆ. ಇದು ಅಜಾಗರೂಕತೆಯಲ್ಲ, ಕಟ್ಟುಕತೆ.

"ಅವರ ಪುಸ್ತಕದಿಂದ ನಾ ಒಂದ ಅಂಕೀನೂ ತಗೊಂಡಿಲ್ರಿ ಸರ್," ಎಂದ ಪ್ರಭುಲಿಂಗಪ್ಪ. "ಎಲ್ಲಾ ಪೆಂಬರ್ಟನ್ ವರದಿದು. ಅವ್ರಿಗೆ ಹ್ಯಾಂಗ ಹಂಗ ಕಾಣ್ತು, ತಿಳೀವಲ್ತು."

ಅವನ ಹತ್ತಿರ ಉಳಿದಿದ್ದ ನಾಲ್ಕನೆಯ ಪ್ರತಿ ತರಿಸಿದೆ. ಮಸುಕು ಕಾರ್ಬನ್. ಪುಟ ಎಂಬತ್ತೇಳು ತೆಗೆದೆ. ಮೂರನೆಯ ಟಿಪ್ಪಣಿ ಪೆಂಬರ್ಟನ್. ನಾಲ್ಕನೆಯ ಟಿಪ್ಪಣಿ, ನನ್ನ ಒಪ್ಪವಾದ ಸಿ ಎಫ್, ಪ್ರೊಫೆಸರರು. ಪುಟ ತಿರುಗಿಸಿದೆ. ಎಂಬತ್ತೆಂಟು. ಮೊದಲ ಟಿಪ್ಪಣಿ, ಐಬಿಡ್, ಪುಟ ನಲವತ್ತಮೂರು. ಎರಡನೆಯದು ಐಬಿಡ್, ಪುಟ ನಲವತ್ತೇಳು. ಮುಂದಿನದೂ ಐಬಿಡ್. ತೊಂಬತ್ತೆರಡನೆಯ ಪುಟದವರೆಗೆ ಹನ್ನೊಂದು ಐಬಿಡ್. ಅವೆಲ್ಲ ಪೆಂಬರ್ಟನ್ನನ ಹಿಂದೆ ಸಾಲಾಗಿ ನಿಂತಿದ್ದವು. ನಾನು ನಡುವೆ ಪ್ರೊಫೆಸರರನ್ನು ಕರೆತಂದು ನಿಲ್ಲಿಸಿದ್ದೆ. ಅಲ್ಲೇ ಎಂದರೆ ಎಲ್ಲಿ? ಈಗಷ್ಟೇ ಹೇಳಿದ ಪುಸ್ತಕದಲ್ಲಿ. ಈಗಷ್ಟೇ ಹೇಳಿದ್ದು ಪ್ರೊಫೆಸರರ ಪುಸ್ತಕ.

ಮೇಲಿನ ವಾಕ್ಯಗಳಲ್ಲಾದರೂ "ಸಮಿತಿಯ ವರದಿಯಂತೆ" ಎಂದು ಇದ್ದಿದ್ದರೆ ಅವರಿಗೆ ಅನುಮಾನ ಬರುತ್ತಿತ್ತು. ಹನ್ನೊಂದು ಕಡೆಯೂ ಕತ್ತರಿಸಿದ್ದೆನಲ್ಲ.

ಸಿಟ್ಟು ಬಂತು, ಮೊದಲು ಅವರ ಮೇಲೆಯೇ ಬಂತು. ಒಂದು ಟಿಪ್ಪಣಿ ಹಿಂದಕ್ಕೆ ಹೋಗಿ ನೋಡಲು ಈ ದೊಡ್ಡ ಮನುಷ್ಯನಿಗೆ ಏನು ಧಾಡಿ ಎಂದು ಬೈದೆ. ಬಾಯಿಯಲ್ಲಿ ಮಾತಿರುವಾಗಲೇ ಗೊತ್ತಾಯಿತು. ಅವರು ಹಿಂದಕ್ಕೆ ಹೋಗಿ ನೋಡಿದ್ದರು. ಐಬಿಡ್ ಕಂಡ ಓದುಗ ಹೋಗಬೇಕಾದ್ದು ಒಂದೇ ಟಿಪ್ಪಣಿ ಹಿಂದಕ್ಕೆ, ಅವರು ಅಷ್ಟೇ ಹೋದರು. ಅಲ್ಲಿ ಅವರಿಗೆ ಅವರದೇ ಹೆಸರು ಸಿಕ್ಕಿತು. ನಿಯಮದಂತೆ ಓದಿದವರು ಅವರು. ನಿಯಮ ಕಲಿಸಿದ ನಾನು ನಿಯಮ ಮುರಿದಿದ್ದೆ.

"ಒಂದ ಶಬ್ದ," ಎಂದೆ. "ಎಂಬತ್ತೆಂಟನೇ ಪುಟದ ಮೊದಲನೇ ಐಬಿಡ್ ತಗದು ಪೆಂಬರ್ಟನ್ ಎಟ್ ಆಲ್ ಅಂತ ಮತ್ತ ಬರದಿದ್ರ ಸಾಕಿತ್ತು. ಉಳದ ಹತ್ತೂ ಅದರ ಹಿಂದ ತಾವ ಸರಿ ಆಗತಿದ್ದೂವು. ಪ್ರಭೂ, ಆ ಸಿ ಎಫ್ ಹಾಕಿಸಿದಾವ ನಾ."

ಅವನು ಎಂಬತ್ತೇಳು, ಎಂಬತ್ತೆಂಟು ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ಓದಿದ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

"ನೀವ ಕಲಿಸಿದ್ದು ನನಗ ನೆನಪಿತ್ರಿ," ಎಂದ. "ನಡುವ ಇನ್ನೊಂದು ಪುಸ್ತಕ ಬಂದ್ರ ಐಬಿಡ್ ಸತ್ತಂಗ ಅಂತ. ನಾ ನೋಡಬೇಕಿತ್ತು. ಪ್ರಬಂಧದ ಮ್ಯಾಲೆ ಸಹಿ ಮಾಡಿದಾವ ನಾನ ಅಲ್ರಿ?"

ನಾನು ವಿಶ್ವವಿದ್ಯಾಲಯಕ್ಕೆ ಬರೆದೆ. ತಪ್ಪು ನನ್ನದು, ಹುಡುಗನದಲ್ಲ, ವರದಿ ತೆರೆದು ನೋಡಿದರೆ ಹನ್ನೊಂದು ಅಂಕಿಗಳೂ ಅದೇ ಪುಟಗಳಲ್ಲಿ ಸಿಗುತ್ತವೆ ಎಂದು ಎರಡು ಹಾಳೆ ತುಂಬ ಬರೆದೆ. ಪರೀಕ್ಷಕರ ತೀರ್ಮಾನವೇ ಅಂತಿಮ ಎಂದು ಒಂದು ಸಾಲಿನ ಉತ್ತರ ಬಂತು. ಪ್ರೊಫೆಸರರಿಗೂ ಬರೆದೆ. ಉತ್ತರ ಬರಲಿಲ್ಲ. ಇನ್ನೊಂದು ಪತ್ರ ಹಾಕಿದೆ, ಅದಕ್ಕೂ ಬರಲಿಲ್ಲ. ಆ ಕಾಲೇಜಿನವರು ಬೇರೆಯವರನ್ನು ತೆಗೆದುಕೊಂಡರು. ಕಾಶೀಂಸಾಬ ವಿಷಯ ತಿಳಿದು ನನ್ನ ಮನೆಗೆ ಬಂದು, "ಮಾಸ್ತರ್ರ, ನಾನೂ ಬಡದೇನಲ್ರಿ ಆ ಸಾಲು," ಎಂದು ಅತ್ತ. ಅರ್ಥವಾಗದ ಭಾಷೆಯಲ್ಲಿ ಒಂದಕ್ಷರ ತಪ್ಪದೆ ಬಡಿದವನಿಗೆ ನಾನು ಏನು ಸಮಾಧಾನ ಹೇಳಲಿ.

ಪ್ರಭುಲಿಂಗಪ್ಪ ರಾಜೂರಿನಲ್ಲೇ ಉಳಿದ. ಮತ್ತೆ ಹೊಸದಾಗಿ ಬರೆ ಎಂದರೆ, "ಕಟ್ಟುಕತಿ ಮಾಡಿದಾವ ಅಂತ ನನ್ನ ಹೆಸರಿನ ಮುಂದ ಬರದಾರ್ರಿ ಸರ್, ಯಾರ ಸೇರಿಸ್ಕೋತಾರ?" ಎಂದ. ಕ್ರಮೇಣ ರೋಣಕ್ಕೆ ಬರುವುದನ್ನು ಕಡಿಮೆ ಮಾಡಿದ. ಬಂದಾಗಲೂ ಮಳೆ, ಶಾಲೆ, ಆರೋಗ್ಯ ಎಂದು ಮಾತಾಡಿ ಎದ್ದು ಹೋಗುತ್ತಿದ್ದ. ಮಗ್ಗದ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಈಗಲೂ ಯಾರಾದರೂ ವಿದ್ಯಾರ್ಥಿ ಬಂದರೆ ನಾನು ಮೊದಲು ಹೇಳುವುದು ಒಂದೇ ಮಾತು. ಹೊಸ ಪುಟದ ಮೊದಲ ಟಿಪ್ಪಣಿಗೆ ಐಬಿಡ್ ಹಾಕಬೇಡ, ಹೆಸರು ಮತ್ತೆ ಬರಿ. ನಡುವೆ ಏನಾದರೂ ಸೇರಿಸಿದರೆ ಅದರ ಮುಂದಿನ ಟಿಪ್ಪಣಿಯನ್ನು ನೋಡದೆ ಏಳಬೇಡ. ಕಲಿತದ್ದು ಯಾರ ಬಾಳಿನ ಮೇಲೆ ಎಂದು ಅವರಿಗೆ ಹೇಳುವುದಿಲ್ಲ.

೧೯೫೮ರ ಬೇಸಿಗೆಯಲ್ಲಿ ಹೈಸ್ಕೂಲಿನ ವಾಚನಾಲಯಕ್ಕೆ ಹೊಸ ಪುಸ್ತಕಗಳ ಗಂಟು ಬಂತು. ಬಿಚ್ಚಲು ನನ್ನನ್ನೇ ಕರೆದರು. ಅದರಲ್ಲಿ ಪ್ರೊಫೆಸರರ ಪುಸ್ತಕ ಇತ್ತು, ಪರಿಷ್ಕೃತ ಎರಡನೆಯ ಮುದ್ರಣ. ಕೈ ತಡೆಯದೆ ನಮ್ಮ ಊರುಗಳ ಭಾಗ ತೆಗೆದೆ. ಮಗ್ಗಗಳು ಮೊದಲೇ ನಿಂತಿದ್ದವು ಎಂಬ ಮಾತು ಹೋಗಿತ್ತು. ಬರದ ಹಿಂದಿನ ವರ್ಷ ಗಜೇಂದ್ರಗಡದಲ್ಲಿ ಆರುನೂರ ಹನ್ನೆರಡು ಮಗ್ಗ ನಡೆಯುತ್ತಿದ್ದವು, ಬರದ ನಂತರ ನೂರ ನಾಲ್ಕು ಎಂದು ಅಚ್ಚಾಗಿತ್ತು. ಕೆಳಗೆ ಟಿಪ್ಪಣಿ, ಪೆಂಬರ್ಟನ್ ಎಟ್ ಆಲ್, ಪುಟ ನಲವತ್ತಮೂರು. ಅವರು ವರದಿಯನ್ನು ತಾವೇ ತರಿಸಿ ಓದಿದ್ದರು. ತಪ್ಪೇನಿದೆ ಅದರಲ್ಲಿ, ಯಾರು ಬೇಕಾದರೂ ಓದಬಹುದು. ಅದೇ ಟಿಪ್ಪಣಿಯಲ್ಲಿ ಇನ್ನೂ ಒಂದು ಸಾಲು ಇತ್ತು. ಅದನ್ನು ಓದಿ ಪುಸ್ತಕ ಮುಚ್ಚಿದೆ.

ತೋರಿಸಬೇಕೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದೆ. ಅವನಿಂದ ಅದನ್ನು ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ಐದನೆಯ ದಿನ ಬಸ್ಸು ಹಿಡಿದು ರಾಜೂರಿಗೆ ಹೋದೆ. ಆ ದಿನದ ಶಾಲೆ ಬಿಟ್ಟಿತ್ತು. ಪ್ರಭುಲಿಂಗಪ್ಪ ಖಾಲಿ ವರ್ಗದಲ್ಲಿ ಹಲಗೆ ಒರೆಸುತ್ತಿದ್ದ. ಕೂದಲು ನೆರೆತಿತ್ತು, ಮೂವತ್ತೈದೂ ತುಂಬದವನಿಗೆ. ನನ್ನನ್ನು ಕಂಡು ಕುರ್ಚಿ ಒರೆಸಿ ಕೊಟ್ಟ. ಪುಸ್ತಕ ತೆರೆದು ಅವನ ಮುಂದಿಟ್ಟೆ.

ಮೊದಲು ಮೇಲಿನ ವಾಕ್ಯ ಓದಿದ. ಆರುನೂರ ಹನ್ನೆರಡರ ಮೇಲೆ ಬೆರಳಿಟ್ಟ. ಬೆರಳಿನ ಸೀಮೆಸುಣ್ಣ ಆ ಅಂಕಿಗೆ ಹತ್ತಿತು.

"ಮಗ್ಗ ತುಂಬಿದ್ದೂವು ಅಂತ ಒಪ್ಪಿದ್ರು," ಎಂದ.

"ಹೌದಪ್ಪ."

ಆಮೇಲೆ ಕೆಳಗಿನ ಟಿಪ್ಪಣಿಗೆ ಬಂದ. ಪೆಂಬರ್ಟನ್ ಎಟ್ ಆಲ್, ಪುಟ ನಲವತ್ತಮೂರು. ಸಿ ಎಫ್, ಪ್ರಭುಲಿಂಗಪ್ಪ, ಅಪ್ರಕಟಿತ ಪ್ರಬಂಧ, ೧೯೫೫, ಪುಟ ಎಂಬತ್ತೆಂಟು, ಅಲ್ಲಿ ಆಧಾರವನ್ನು ಸುಳ್ಳಾಗಿ ಕೊಡಲಾಗಿದೆ.

ಅವನ ಹೆಸರು ಅಚ್ಚಿನಲ್ಲಿ ಬಂದದ್ದು ಅದೇ ಮೊದಲು. ಎರಡು ಸಲ ಓದಿದ. ನಾನು ಕಿಟಕಿಯ ಕಡೆ ಮುಖ ಮಾಡಿದೆ, ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಸರ್," ಎಂದು ಕರೆದ. ಅದೇ ದನಿ, ಐದು ವರ್ಷದ ಹಿಂದೆ ನನ್ನ ಕಟ್ಟೆಯ ಮೇಲೆ ಕೂತು ಪಾಠ ಕೇಳಿದ ದನಿ. "ಇಲ್ಲೆ ಸಿ ಎಫ್ ಹಾಕಿದ್ದು ಬರೋಬ್ಬರಿ ಐತೇನ್ರಿ?"

ಎದುರಾಗಿರುವುದನ್ನು ಹೋಲಿಸಿ ನೋಡಿ ಎನ್ನುವಾಗ ಸಿ ಎಫ್. ಹಾಗೆಂದು ಕಲಿಸಿದವನು ನಾನು. ನನ್ನ ಕಣ್ಣಿಗೆ ಆ ಸಾಲಿನಲ್ಲಿ ತಿದ್ದಲು ಒಂದು ಚುಕ್ಕಿಯೂ ಸಿಗಲಿಲ್ಲ.

"ಬರೋಬ್ಬರಿ ಐತಿ," ಎಂದೆ.

ಅವನು ತಲೆಯಾಡಿಸಿ, ಪುಸ್ತಕ ಮುಚ್ಚಿ, ಮೇಲೆ ಬಿದ್ದ ಸುಣ್ಣದ ಪುಡಿಯನ್ನು ಅಂಗಿಯ ತೋಳಿನಿಂದ ಒರೆಸಿ ನನ್ನ ಕೈಗೆ ಕೊಟ್ಟ.